ಅರ್ಥವಾಯಿತು ಎಂದುಕೊಂಡ ಮೇಲೆ

ಗಂಗಾವತಿ ಸೀಮೆಯ ನಮ್ಮ ಸಿದ್ದಾಪುರದ ಸುತ್ತ ಕ್ಯಾಂಪುಗಳಿವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದ ರೈತರು ಕಟ್ಟಿಕೊಂಡ ಊರುಗಳಿವು. ನಾನು ಚಿಕ್ಕವನಿದ್ದಾಗ ನಮ್ಮ ಮುತ್ಯಾ ಹೇಳುತ್ತಿದ್ದ ಒಂದು ಪ್ರಸಂಗ ಇಂದಿಗೂ ನನ್ನ ತಲೆಯಿಂದ ಹೋಗಿಲ್ಲ. ಆಗಷ್ಟೇ ಬಂದಿದ್ದ ಕ್ಯಾಂಪಿನ ರೈತರೊಬ್ಬರು ನೆಲ್ಲಿನ ಸಸಿಮಡಿಗೆ ಮೊಳಕೆ ಚೆಲ್ಲಿದ್ದರು. ಹಳ್ಳದಿಂದ ನೀರೆತ್ತುವ ಇಂಜಿನ್ ಹತ್ತಿರ ನಮ್ಮೂರಿನ ಆಳು ನಿಂತಿದ್ದ. ಮಡಿಗೆ ಬೇಕಾದಷ್ಟು ನೀರಾದದ್ದನ್ನು ಕಂಡ ರೈತರು ದೂರದಿಂದ ಕೂಗಿದರು: “ಚಾಲು! ಚಾಲು!”

ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮ ಕಡೆ ಚಾಲು ಎಂದರೆ ಶುರು, ನಡೆಯುತ್ತಿರಲಿ. ಆಳು ಕೈಯೆತ್ತಿ “ಚಾಲೂ ಐತ್ರೀ ಧಣೇರ” ಎಂದ. ರೈತರು ಇನ್ನೂ ಜೋರಾಗಿ ಕೂಗಿದರು. ಇಂಜಿನ್ ಸಾಲದೇನೋ ಎಂದುಕೊಂಡ ಆಳು ವೇಗ ಹೆಚ್ಚಿಸಿದ. ನೀರು ತುಂಬಿ ಬದು ಒಡೆಯಿತು, ಮೊಳಕೆಯೆಲ್ಲ ತೇಲಿ ಹಳ್ಳ ಸೇರಿತು. ಕಣ್ಣೆದುರೇ ಮಾತು ಮೀರಿದ ಎಂದು ಒಬ್ಬರಿಗೆ ಸಿಟ್ಟು, ಹೇಳಿದ್ದನ್ನೇ ಮಾಡಿದರೂ ಬೈಸಿಕೊಂಡೆ ಎಂದು ಇನ್ನೊಬ್ಬನಿಗೆ ನೋವು.

ಆ ಆಳಿಗೆ ತೆಲುಗು ಅರ್ಥವಾಗದೆ ಹೋದದ್ದರಿಂದ ಕೆಟ್ಟದ್ದಾಗಲಿಲ್ಲ. ಏನೂ ಅರ್ಥವಾಗದಿದ್ದರೆ ಅವನು ಇಂಜಿನ್ ಬಿಟ್ಟು ರೈತರ ಹತ್ತಿರ ಬಂದು ಏನೆಂದು ಕೇಳುತ್ತಿದ್ದ. ಅರ್ಥವಾಯಿತು ಎಂದುಕೊಂಡದ್ದರಿಂದಲೇ ಬದು ಒಡೆಯಿತು.

ಅನ್ಯಗ್ರಹದ ಜೀವಿಗಳನ್ನು ಮನುಷ್ಯರು ಮೊದಲ ಸಲ ಎದುರುಗೊಳ್ಳುವ ವಿಜ್ಞಾನ ಕಥೆಗಳನ್ನು ಓದುವಾಗ ನಾನು ಈ ಪ್ರಸಂಗವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಅಂಥ ಕಥೆಗಳಲ್ಲಿ ಎರಡು ಬಗೆ. ಒಂದರಲ್ಲಿ ಎದುರಿನವರ ಮಾತು ಗೋಡೆ: ಸದ್ದು ಕೇಳುತ್ತದೆ, ಅರ್ಥ ಬರುವುದಿಲ್ಲ, ಕೊನೆಗೆ ಯಾರೋ ಜಾಣರು ಗೋಡೆ ಒಡೆಯುತ್ತಾರೆ. ಇನ್ನೊಂದರಲ್ಲಿ ಮಾತು ತಪ್ಪು ಬಾಗಿಲು: ಸುಲಭವಾಗಿ ತೆರೆಯುತ್ತದೆ, ಒಳಗೆ ಹೋದವರಿಗೆ ತಾವು ಬೇರೆ ಮನೆ ಹೊಕ್ಕಿದ್ದೇವೆಂದು ತಡವಾಗಿ ತಿಳಿಯುತ್ತದೆ. ಎರಡನೆಯದೇ ನಿಜವಾದ ಕಥೆ ಎಂಬುದು ನನ್ನ ವಾದ. ಅದಕ್ಕೆ ಬೇಕಾದ ಸಾಕ್ಷಿ ಕನ್ನಡದ ಚರಿತ್ರೆಯಲ್ಲೇ ಇದೆ. ಅಲ್ಲಿ ಅನ್ಯಗ್ರಹದವರ ಜಾಗದಲ್ಲಿ ನಿಂತವರು ನಾವೇ.

ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಅಗೆದು ರಾಶಿ ರಾಶಿ ಪಪೈರಸ್ ಚೂರುಗಳನ್ನು ತೆಗೆದರು. 1903ರಲ್ಲಿ ಅವರು ಪ್ರಕಟಿಸಿದ ಸಂಪುಟದಲ್ಲಿ 413ನೆಯ ಸಂಖ್ಯೆಯದು ಗ್ರೀಕ್ ಪ್ರಹಸನವೊಂದರ ತುಣುಕು. ಬರವಣಿಗೆ ಕ್ರಿ.ಶ. 2ನೆಯ ಶತಮಾನದ್ದು. ಬರೆದವನ ಹೆಸರು ಉಳಿದಿಲ್ಲ. ನಾಯಕಿಯ ಹೆಸರಿನಿಂದ ಅದನ್ನು ಚಾರಿಷನ್ ಪ್ರಹಸನ ಎನ್ನುತ್ತಾರೆ.

ಕಥೆ ಸರಳ. ಚಾರಿಷನ್ ಎಂಬ ಗ್ರೀಕ್ ಹೆಣ್ಣುಮಗಳು ಹಿಂದೂ ಮಹಾಸಾಗರದ ದಡದ ಒಂದು ರಾಜ್ಯದಲ್ಲಿ ದೇವಿಯ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಅಣ್ಣನೂ ಅವನ ಜೊತೆಗಾರರೂ ಹಡಗಿನಲ್ಲಿ ಬಿಡಿಸಲು ಬಂದಿದ್ದಾರೆ. ಜೊತೆಗೊಬ್ಬ ವಿದೂಷಕ. ಆ ನಾಡಿನ ರಾಜನೂ ಅವನ ಜನರೂ ತಮ್ಮದೇ ಭಾಷೆಯಲ್ಲಿ ಮಾತನಾಡುತ್ತಾರೆ. ಆ ಮಾತುಗಳನ್ನು ಗ್ರೀಕ್ ಅಕ್ಷರಗಳಲ್ಲಿ ಹಾಗೆಯೇ ಬರೆಯಲಾಗಿದೆ. ಗ್ರೀಕರು ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾರೆ. ಗ್ರೀಕರಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸಿ ಕುಡಿಯುವುದು ವಾಡಿಕೆ. ಆ ವಾಡಿಕೆ ಗೊತ್ತಿಲ್ಲದವರು ಕುಡಿದು ಮೈಮರೆಯುತ್ತಾರೆ. ರಾಜನನ್ನು ಕಟ್ಟಿಹಾಕಿ ಎಲ್ಲರೂ ಹಡಗು ಹತ್ತುತ್ತಾರೆ.

ಗುರುತಿಲ್ಲದ ದಡಕ್ಕೆ ಹಡಗಿನಲ್ಲಿ ಇಳಿಯುವವರು, ವಿಚಿತ್ರ ಮಾತಿನ ಜನ, ಒಂದು ಪೇಯದ ಬಗೆಗಿನ ತಿಳಿವಿನ ವ್ಯತ್ಯಾಸದಿಂದ ತಿರುಗುವ ಕಥೆ: ಮೊದಲ ಭೇಟಿಯ ಕಥೆಗೆ ಬೇಕಾದ ಸಾಮಾನೆಲ್ಲ ಇಲ್ಲಿದೆ. ಆದರೆ ಪ್ರಹಸನಕಾರನಿಗೆ ಆ ಜನರ ಮಾತು ಗೋಡೆ ಮಾತ್ರ. ಪ್ರೇಕ್ಷಕರು ಅದನ್ನು ಕೇಳಿ ನಗಬೇಕು, ಅಷ್ಟೇ. ಒಂದೆರಡು ಕಡೆ ಪಾತ್ರವೊಂದು ಅವರು ಹೇಳಿದ್ದೇನೆಂದು ಗ್ರೀಕಿನಲ್ಲಿ ತಿಳಿಸುತ್ತದೆ; ಉಳಿದದ್ದು ಡೋಲಿನ ಸದ್ದಿನ ಜೊತೆಗೆ ಬೆರೆತ ಇನ್ನೊಂದು ಸದ್ದು.

ತಪ್ಪು ಬಾಗಿಲಿನ ಕಥೆ ಶುರುವಾದದ್ದು ಇದಾಗಿ ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ವಿದ್ವಾಂಸರ ಮೇಜಿನ ಮೇಲೆ. 1904ರಲ್ಲಿ ಶಾಸನತಜ್ಞ ಹುಲ್ಟ್ಸ್ ಆ ಸದ್ದಿನಲ್ಲಿ ಕನ್ನಡವನ್ನು ಕೇಳಿಸಿಕೊಂಡರು. ಭಾರತದ ಶಾಸನಗಳಲ್ಲಿ ನುರಿತ ಜರ್ಮನ್ ವಿದ್ವಾಂಸ ಅವರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ಓದನ್ನು ಬೆಂಬಲಿಸಿ ಮುಂದುವರಿಸಿದರು. ಮಂಜೇಶ್ವರದ ಗೋವಿಂದ ಪೈಯವರೂ ಈ ವಿಷಯವನ್ನು ಕೈಗೆತ್ತಿಕೊಂಡರು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಅದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದಿನ ಕನ್ನಡ ನೈಲ್ ನದಿಯ ನಾಡಿನಲ್ಲಿ ಸಿಕ್ಕಿದೆ ಎಂದರೆ ಯಾವ ಕನ್ನಡಿಗನ ಎದೆ ಉಬ್ಬುವುದಿಲ್ಲ? ನಾನೂ ಮೊದಲು ಓದಿದಾಗ ಹಿಗ್ಗಿದವನೇ.

ಆ ಓದು ಹೇಗೆ ನಡೆಯಿತೆಂದು ಹತ್ತಿರದಿಂದ ನೋಡಬೇಕು. ಪಪೈರಸ್ಸಿನಲ್ಲಿ ‘ಬೆರೆ’ ಎಂಬಂಥ ಸದ್ದಿದೆ. ಅದನ್ನು ಬೇರೆ ಎಂದು ಓದಲಾಯಿತು. ‘ಪೆತ್ರೆಕಿಯೊ’ ಎಂಬುದು ಪಾತ್ರಕ್ಕೆ ಎಂದಾಯಿತು. ‘ದಮುನ್’ ಎಂಬುದನ್ನು ಮಧು ಎಂದು ತೆಗೆದುಕೊಂಡರು. ಮಧು ಇದೆ, ಪಾತ್ರವಿದೆ, ರಂಗದ ಮೇಲೆ ನಡೆಯುತ್ತಿರುವುದೂ ಕುಡಿತವೇ. ಎಲ್ಲ ಹೊಂದಿಕೊಂಡಿತು.

ತೊಡಕಿರುವುದು ಈ ಹೊಂದಿಕೆಯಲ್ಲೇ. ಹಳೆಯ ಗ್ರೀಕ್ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಗೊತ್ತಿಲ್ಲದ ಭಾಷೆಯಾದರೆ ಸಾಲನ್ನು ಎಲ್ಲಿ ಕಡಿಯಬೇಕೆಂಬುದು ಓದುವವನ ಇಷ್ಟ. ನಮ್ಮ ಟ, ಡ, ಳ, ಚಗಳಿಗೆ ಗ್ರೀಕಿನಲ್ಲಿ ಅಕ್ಷರವಿಲ್ಲ. ಯಾವ ಸದ್ದಿಗೆ ಯಾವುದು ನಿಂತಿದೆ ಎನ್ನುವುದರಲ್ಲೂ ಸಡಿಲ. ದಮುನ್ ಮಧುವಾಗಬೇಕಾದರೆ ವ್ಯಂಜನಗಳು ಜಾಗ ಬದಲಿಸಬೇಕು. ಇಷ್ಟೆಲ್ಲ ಸಡಿಲ ಕೊಟ್ಟುಕೊಂಡರೆ ಯಾವ ಭಾಷೆ ತಾನೇ ಸಿಗುವುದಿಲ್ಲ? ಮುಂದೆ ಇದೇ ಮಾತುಗಳಲ್ಲಿ ತುಳುವನ್ನು ಕಂಡವರೂ ಬಂದರು. ಇನ್ನು ಮಧು, ಪಾತ್ರ ಎರಡೂ ಸಂಸ್ಕೃತದ ಪದಗಳು, ಭಾರತದ ಯಾವ ಭಾಷೆಯಲ್ಲಾದರೂ ಇರಬಹುದಾದವು. ಅವು ಸಿಕ್ಕರೂ ಕನ್ನಡ ಸಿಕ್ಕಂತಾಗುವುದಿಲ್ಲ. 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸರು ಈ ಓದನ್ನು ತಳ್ಳಿಹಾಕಿದರು.

ಇದಕ್ಕಿಂತ ಆಳವಾದ ದೋಷ ಇನ್ನೊಂದಿದೆ. ಸಂದರ್ಭ ಕುಡಿತದ್ದು ಎಂಬುದು ಮೊದಲೇ ಗೊತ್ತಿತ್ತು. ಆದ್ದರಿಂದ ಕುಡಿತದ ಪದಗಳನ್ನು ಹುಡುಕಿದರು. ಸಿಕ್ಕ ಮೇಲೆ, ನೋಡಿ, ಸಂದರ್ಭಕ್ಕೆ ಹೊಂದುತ್ತದೆ, ಆದ್ದರಿಂದ ಓದು ಸರಿ ಎಂದರು. ನಾವೇ ಹಾಕಿದ್ದನ್ನು ನಾವೇ ತೆಗೆದು ಸಾಕ್ಷಿ ಎಂದಂತಾಯಿತು. ಇಂಜಿನ್ ಹತ್ತಿರ ನಿಂತಿದ್ದ ಆಳಿಗೂ ಆದದ್ದು ಇದೇ. ಇಂಜಿನ್ ಮುಂದೆ ನಿಂತವನಿಗೆ ಚಾಲು ಎಂಬ ಮಾತು ಬಹಳ ಚೆನ್ನಾಗಿ ಹೊಂದಿತು. ಹೊಂದಿದಷ್ಟೂ ಅನುಮಾನ ಕಡಿಮೆಯಾಯಿತು.

ಹಾಗಾದರೆ ಅನ್ಯರ ಮಾತು ನಿಜವಾಗಿ ತಿಳಿದಿದೆ ಎಂದು ಗುರುತಿಸುವುದು ಹೇಗೆ? ಇದಕ್ಕೂ ನಮ್ಮ ಸೀಮೆಯಲ್ಲೇ ಉದಾಹರಣೆ ಇದೆ. ಸಿಂಧನೂರು ದಾಟಿದರೆ ಮಸ್ಕಿ. ಅಶೋಕನ ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದಾಗ ಶಾಸನಗಳಲ್ಲಿ ಕಂಡದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಅವು ಯಾರವು? ಪ್ರಿನ್ಸೆಪ್ ಮೊದಲು ಸಿಂಹಳದ ಅರಸನತ್ತ ಬೆರಳು ತೋರಿಸಿದರು. ಆ ಹೆಸರಿನ ಅರಸ ಅಲ್ಲಿದ್ದ, ಹೊಂದಿಕೊಂಡಿತು. ಆಮೇಲೆ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥದ ಆಧಾರದ ಮೇಲೆ ಇವನು ಮೌರ್ಯ ಅಶೋಕ ಎಂದರು. ಅದು ಒಂದು ಊಹೆ, ಆದರೆ ಸುಳ್ಳಾಗಬಲ್ಲ ಊಹೆ. ಮುಂದೆ ಎಲ್ಲೋ ಒಂದು ಬಂಡೆಯ ಮೇಲೆ ಬೇರೆ ಹೆಸರು ಸಿಕ್ಕಿದ್ದರೆ ಅದು ಬಿದ್ದುಹೋಗುತ್ತಿತ್ತು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯಲ್ಲಿ ಶಾಸನವೊಂದನ್ನು ಕಂಡರು. ಅದರಲ್ಲಿ ಬಿರುದಿನ ಜೊತೆ ಹೆಸರೂ ಇತ್ತು: ಅಶೋಕ. ಊಹೆ ಮಾಡಿದವರಾರೂ ಕಾಣದಿದ್ದ ಬಂಡೆ 78 ವರ್ಷಗಳ ಮೇಲೆ ಹೌದು ಎಂದಿತು.

ಚಾರಿಷನ್ ಓದಿಗೂ ಮಸ್ಕಿಗೂ ಇರುವ ಅಂತರ ಇದೇ. ಒಂದು ಕೀಲಿ ತಾನು ಮಾಡಿಸಿಕೊಂಡ ಬೀಗವನ್ನು ಮಾತ್ರ ತೆರೆಯಿತು. ಇನ್ನೊಂದು, ಕೀಲಿ ಮಾಡಿದಾಗ ಯಾರೂ ಕಂಡಿರದ ಬೀಗವನ್ನು ತೆರೆಯಿತು. ಆಕ್ಸಿರಿಂಕಸ್ಸಿನಲ್ಲಿ ಕನ್ನಡ ಕೇಳಿಸಿಕೊಂಡ ಹುಲ್ಟ್ಸ್ ಅವರೇ ಮುಂದೆ ಅಶೋಕನ ಶಾಸನಗಳ ದೊಡ್ಡ ಸಂಪುಟವನ್ನು ಸಂಪಾದಿಸಿದರು. ಜಾಣತನ ಅದೇ, ಪಾಂಡಿತ್ಯ ಅದೇ. ಒಂದು ಕಡೆ ತಿದ್ದುವ ಇನ್ನೊಂದು ಸಾಕ್ಷಿ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಈ ಅಳತೆಗೋಲನ್ನು ಹಿಡಿದು ವಿಜ್ಞಾನ ಕಥೆಗಳಿಗೆ ಹೋಗೋಣ. ಟೆಡ್ ಚಿಯಾಂಗ್ 1998ರಲ್ಲಿ ಬರೆದ ಕಥೆಯ ಮೇಲೆ 2016ರಲ್ಲಿ ಬಂದ ‘ಅರೈವಲ್’ ಸಿನಿಮಾವನ್ನು ಅನೇಕರು ನೋಡಿರುತ್ತೀರಿ. ಅಲ್ಲಿ ಭೂಮಿಗೆ ಬಂದ ಜೀವಿಗಳು ವೃತ್ತಾಕಾರದ ಬರಹದಲ್ಲಿ ಮಾತನಾಡುತ್ತವೆ. ಭಾಷಾತಜ್ಞೆ ಲೂಯಿಸ್ ತಿಂಗಳುಗಟ್ಟಲೆ ಕಲಿತು, ನೀವು ಬಂದ ಉದ್ದೇಶವೇನು ಎಂದು ಕೇಳುತ್ತಾಳೆ. ಉತ್ತರದಲ್ಲಿ ಆಯುಧ ಎಂದು ಓದಬಹುದಾದ ಗುರುತು ಬರುತ್ತದೆ. ಸೈನ್ಯಗಳು ಸಜ್ಜಾಗುತ್ತವೆ, ದೇಶಗಳು ಪರಸ್ಪರ ಮಾತು ಬಿಡುತ್ತವೆ. ಅದು ಆಯುಧವೋ ಉಪಕರಣವೋ ಎಂದು ಲೂಯಿಸ್ ಮಾತ್ರ ಕೇಳುತ್ತಾಳೆ. ಕೊನೆಗೆ ಆ ಜೀವಿಗಳು ಕೊಡಲು ಬಂದದ್ದು ತಮ್ಮ ಭಾಷೆಯನ್ನೇ.

ಇದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮೂರಿನ ಆಯುಧಪೂಜೆ. ಅಂದು ನಾವು ಕುಂಕುಮ ಹಚ್ಚುವುದು ಟ್ರ್ಯಾಕ್ಟರಿಗೆ, ಕುಡುಗೋಲಿಗೆ, ಔಷಧ ಹೊಡೆಯುವ ಪಂಪಿಗೆ, ಅಂಗಡಿಯ ತಕ್ಕಡಿಗೆ. ಕನ್ನಡದ ಕಿವಿಗೆ ಆಯುಧ ಎಂದರೆ ಕತ್ತಿಯೂ ಹೌದು, ಕೈಗೆಲಸದ ಸಾಧನವೂ ಹೌದು. ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ ಪದಗಳಾದ್ದರಿಂದ ಆ ಸಿನಿಮಾದ ಜಗತ್ತು ಹೆದರಿತು. ಹಾಗೆಂದು ನಾವು ಹೆಚ್ಚು ಬುದ್ಧಿವಂತರೆಂದಲ್ಲ. ಆ ಜೀವಿಗಳು ನಿಜಕ್ಕೂ ಕತ್ತಿಯನ್ನೇ ತಂದಿದ್ದರೆ ನಾವು ಹೂವು ಏರಿಸುತ್ತ ನಿಂತಿರುತ್ತಿದ್ದೆವು. ಪ್ರತಿ ಭಾಷೆಯೂ ತನ್ನದೇ ಜಾಗದಲ್ಲಿ ಎರಡನ್ನು ಒಂದು ಮಾಡಿರುತ್ತದೆ, ಒಂದನ್ನು ಎರಡು ಮಾಡಿರುತ್ತದೆ. ಆ ಹೊಲಿಗೆಯ ಮೇಲೇ ತಪ್ಪು ತಿಳಿವು ಹುಟ್ಟುತ್ತದೆ.

ಪದವೇ ಇಲ್ಲದೆಯೂ ಅದು ಹುಟ್ಟಬಲ್ಲದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಸುಮಾರು 400 ಶಿಲಾಸಮಾಧಿಗಳಿವೆ. ನಾಲ್ಕು ಕಡೆ ಚಪ್ಪಡಿ, ಮೇಲೊಂದು ಚಪ್ಪಡಿ, ಹಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ನಮ್ಮ ಹಿರಿಯರು ಇವನ್ನು ಮೋರೇರ ಮನೆ ಎಂದರು. ಗೋಡೆ ಮತ್ತು ಮಾಡು ಇರುವುದು ಮನೆ, ಮನೆಗೆ ಬಾಗಿಲಿರಬೇಕು, ಬಾಗಿಲು ಇಷ್ಟು ಚಿಕ್ಕದೆಂದರೆ ಇದ್ದವರು ಕುಳ್ಳರಿರಬೇಕು. ಹೀಗೆ ಮೋರೇರು ಎಂಬ ಕುಳ್ಳ ಜನಾಂಗವೇ ಹುಟ್ಟಿತು. ಒಂದೊಂದು ಹೆಜ್ಜೆಯೂ ತರ್ಕಬದ್ಧ, ಮೊದಲ ಹೆಜ್ಜೆಯೊಂದನ್ನು ಬಿಟ್ಟು. ಅದು ಮನೆಯಾಗಿರಲಿಲ್ಲ. ಅದನ್ನು ಕಟ್ಟಿದವರು ತಮ್ಮ ಸತ್ತವರೊಡನೆ ಇಟ್ಟುಕೊಂಡ ಸಂಬಂಧದ ಗುರುತು ಅದು.

ಮೊದಲ ಹೆಜ್ಜೆಯ ಈ ತಪ್ಪನ್ನು ಅದರ ಪೂರ್ತಿ ಬೆಲೆಯೊಂದಿಗೆ ಬರೆದ ಕಾದಂಬರಿ ಮೇರಿ ಡೋರಿಯಾ ರಸ್ಸೆಲ್ ಅವರ ‘ದಿ ಸ್ಪ್ಯಾರೋ’. 1996ರಲ್ಲಿ ಪ್ರಕಟವಾದದ್ದು. ರಖತ್ ಎಂಬ ಗ್ರಹದಿಂದ ರೇಡಿಯೊ ದೂರದರ್ಶಕಕ್ಕೆ ಹಾಡು ಕೇಳಿಬರುತ್ತದೆ. ಅಷ್ಟು ಸುಂದರವಾದ ಹಾಡು ದೇವರನ್ನು ಹಾಡುವವರದೇ ಇರಬೇಕೆಂದು ಜೆಸೂಟ್ ಪಾದ್ರಿಗಳು ತಂಡ ಕಟ್ಟಿಕೊಂಡು ಹೋಗುತ್ತಾರೆ. ಆ ಹಾಡುಗಳು ದೇಹದ ಭೋಗವನ್ನು ಕುರಿತವು ಎಂಬುದು ಬಹಳ ತಡವಾಗಿ ತಿಳಿಯುತ್ತದೆ.

ಅಲ್ಲಿ ರುನ, ಜನಾತ ಎಂಬ ಎರಡು ಜೀವಜಾತಿಗಳು. ತಂಡ ಮೊದಲು ಸೇರುವುದು ಸೌಮ್ಯರಾದ ರುನರ ಹಳ್ಳಿಯನ್ನು. ತಂಡದ ಭಾಷಾತಜ್ಞ ಎಮಿಲಿಯೊ ಸಾಂಡೋಜ್ ಅವರ ಮಾತನ್ನು ಬೇಗ ಕಲಿಯುತ್ತಾನೆ. ಎಲ್ಲವೂ ಸರಿಯಾಗಿ ನಡೆಯುತ್ತಿದೆ. ತಂಡದವರು ತಮ್ಮ ಊಟಕ್ಕೆಂದು ಒಂದು ಕೈತೋಟ ಮಾಡುತ್ತಾರೆ. ದೂರ ದೂರ ಅಲೆದು ಆಹಾರ ಆಯ್ದು ತರುತ್ತಿದ್ದ ರುನರು ಅದನ್ನು ನೋಡಿ ತಾವೂ ತೋಟ ಮಾಡುತ್ತಾರೆ. ಇದಕ್ಕಿಂತ ನಿರುಪದ್ರವಿ ಕೆಲಸ ಯಾವುದಿದೆ? ಆದರೆ ರುನರ ಹೆರಿಗೆ ಅವರ ಊಟವನ್ನು ಅವಲಂಬಿಸಿದೆ. ಹೊಟ್ಟೆ ತುಂಬಿದಾಗ ಅನುಮತಿಯಿಲ್ಲದ ಮಕ್ಕಳು ಹುಟ್ಟುತ್ತಾರೆ. ಅನುಮತಿ ಕೊಡುವವರು ಜನಾತರು, ಏಕೆಂದರೆ ರುನರು ಅವರಿಗೆ ಆಳುಗಳೂ ಹೌದು, ಆಹಾರವೂ ಹೌದು. ಜನಾತರ ಕಾವಲುಪಡೆ ಬಂದು ಆ ಕೂಸುಗಳನ್ನು ಕೊಲ್ಲುತ್ತದೆ. ತಂಡದಲ್ಲಿ ಯಾರೂ ಒಂದು ಪದವನ್ನೂ ತಪ್ಪು ತಿಳಿದಿರಲಿಲ್ಲ. ತೋಟ ಎಂದರೆ ತೋಟವೇ ಎಂದುಕೊಂಡರು, ಅಷ್ಟೇ.

ಆಮೇಲೆ ಪದದ ಸರದಿ. ತಂಡದಲ್ಲಿ ಬದುಕುಳಿದವರನ್ನು ಕಾಪಾಡಲು ಸುಪಾರಿ ಎಂಬ ಜನಾತ ವರ್ತಕ ಎಮಿಲಿಯೊನನ್ನು ಒಂದು ವಿಧಿಗೆ ಒಪ್ಪಿಗೆ ಕೇಳುತ್ತಾನೆ. ಎಮಿಲಿಯೊ ಆ ವಿಧಿಯ ಹೆಸರನ್ನು ಬಿಡಿಸಿ ನೋಡುತ್ತಾನೆ: ಆಸರೆಗೆ ಹಬ್ಬಿದ ಬಳ್ಳಿಯ ಹಾಗಿರುವುದು. ನಾನು ನಿನ್ನ ಆಶ್ರಯದಲ್ಲಿರುತ್ತೇನೆ ಎಂದು ಅರ್ಥಮಾಡಿಕೊಂಡು ಒಪ್ಪುತ್ತಾನೆ. ಪದವನ್ನು ಅವನು ಸರಿಯಾಗಿಯೇ ಬಿಡಿಸಿದ್ದ. ಆದರೆ ಆ ವಿಧಿಯಲ್ಲಿ ಅಂಗೈಯ ಮಾಂಸವನ್ನು ಕತ್ತರಿಸಿ ತೆಗೆದು ಬೆರಳುಗಳು ಬಳ್ಳಿಯ ಹಾಗೆ ಜೋತುಬೀಳುವಂತೆ ಮಾಡುತ್ತಾರೆ. ಇವನು ಸ್ವಂತ ದುಡಿಮೆಯಿಲ್ಲದೆ ಬೇರೆಯವರ ಆಸರೆಯಲ್ಲಿದ್ದಾನೆ ಎಂದು ಲೋಕಕ್ಕೆ ತೋರಿಸುವ ಗುರುತು ಅದು. ಸುಪಾರಿ ಮೋಸ ಮಾಡಲಿಲ್ಲ. ಅವನು ಕೇಳಿದ, ಇವನು ಒಪ್ಪಿದ.

ಈ ಪ್ರಸಂಗ ಇಷ್ಟು ಆಳವಾಗಿ ಚುಚ್ಚುವುದು ರಕ್ತದಿಂದಲ್ಲ. ಎಮಿಲಿಯೊನ ಅರ್ಥ ಪದಕ್ಕೂ ಹೊಂದಿತ್ತು, ಸಂದರ್ಭಕ್ಕೂ ಹೊಂದಿತ್ತು. ಅದನ್ನು ಪರೀಕ್ಷಿಸಲು ಒಂದು ಸರಳ ದಾರಿಯಿತ್ತು: ಆ ವಿಧಿ ಆದ ಒಬ್ಬರನ್ನು ತೋರಿಸಿ ಎಂದು ಕೇಳುವುದು. ಪದದಾಚೆಗಿನ ಒಂದು ಮಸ್ಕಿಯನ್ನು ಹುಡುಕುವುದು. ಅಷ್ಟೊತ್ತಿಗೆ ಅವನು ಹಲವು ಸಲ ಸರಿಯಾಗಿ ಅರ್ಥಮಾಡಿಕೊಂಡಿದ್ದ. ಆ ಅಭ್ಯಾಸವೇ ಕೇಳದಂತೆ ಮಾಡಿತು.

ಇದಕ್ಕೊಂದು ಆಕ್ಷೇಪಣೆ ಬರಬಹುದು. ಇಷ್ಟೇ ಆದರೆ ಅನ್ಯರನ್ನು ತಿಳಿಯುವುದೇ ಸಾಧ್ಯವಿಲ್ಲ ಎಂದಾಗಲಿಲ್ಲವೇ? ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಬಹುಮಟ್ಟಿಗೆ ಹಾಗೆಯೇ ಹೇಳಿದವರು. ಅವರ ‘ಹಿಸ್ ಮಾಸ್ಟರ್ಸ್ ವಾಯ್ಸ್’ ಕಾದಂಬರಿಯಲ್ಲಿ ಆಕಾಶದಿಂದ ಒಂದೇ ಸಂಕೇತ ಮತ್ತೆ ಮತ್ತೆ ಬರುತ್ತದೆ. ವಿಜ್ಞಾನಿಗಳು ಅದರಲ್ಲಿ ತಮ್ಮ ತಮ್ಮ ವಿದ್ಯೆಯನ್ನೇ ಕಾಣುತ್ತಾರೆ, ಕೊನೆಗೂ ಅದರ ಅರ್ಥ ಗೊತ್ತಾಗುವುದಿಲ್ಲ. ನಾನು ಲೆಮ್ ಅವರನ್ನು ಗೌರವಿಸುತ್ತೇನೆ, ಆದರೆ ಅವರ ತೀರ್ಮಾನ ಅವರು ಕಟ್ಟಿದ ಸನ್ನಿವೇಶಕ್ಕೆ ಮಾತ್ರ ಸಲ್ಲುತ್ತದೆ. ಅಲ್ಲಿ ಕಳಿಸಿದವರಿಗೆ ತಿರುಗಿ ಪ್ರಶ್ನೆ ಕೇಳುವಂತಿಲ್ಲ. ಪಪೈರಸ್ಸಿನ ರಾಜನನ್ನೂ ಕೇಳುವಂತಿರಲಿಲ್ಲ, ಹಿರೇಬೆಣಕಲ್ಲಿನವರನ್ನೂ ಕೇಳುವಂತಿಲ್ಲ. ಎದುರಿಗೆ ಜೀವಂತವಾಗಿ ನಿಂತವರ ವಿಷಯ ಬೇರೆ. ಅಲ್ಲಿ ತಪ್ಪು ತಿಳಿವಿಗೆ ಒಂದು ಗುರುತು ಇದ್ದೇ ಇರುತ್ತದೆ: ನಾವು ಹೇಳಿದ ಹಾಗೆ ಮಾಡುತ್ತಿದ್ದೇವೆ, ಆದರೂ ಎದುರಿನವರ ಕೂಗು ಹೆಚ್ಚುತ್ತಿದೆ. ಆಗ ಇಂಜಿನ್ ವೇಗ ಹೆಚ್ಚಿಸುವವನದು ದುರಂತ ಕಥೆ. ಇಂಜಿನ್ ನಿಲ್ಲಿಸಿ ಹತ್ತಿರ ಹೋಗುವವನಿಂದ ಬೇರೆ ಕಥೆ ಶುರುವಾಗುತ್ತದೆ. ಅಂಥ ಕಥೆಗಳನ್ನು ಇನ್ನೂ ಯಾರೂ ಸಾಕಷ್ಟು ಬರೆದಿಲ್ಲ. ಎರಡು ಭಾಷೆಗಳ ನಡುವೆ ದಿನವೂ ಬದುಕುವ ನಮ್ಮಂಥ ಸೀಮೆಯ ಕನ್ನಡ ಲೇಖಕರಿಗೆ ಅದಕ್ಕೆ ಬೇಕಾದ ಅನುಭವವಿದೆ.

ಮುತ್ಯಾ ಹೇಳುತ್ತಿದ್ದ ಪ್ರಸಂಗಕ್ಕೂ ಮುಂದಿನ ಭಾಗವೊಂದಿತ್ತು. ಸಿಟ್ಟು ಇಳಿದ ಮೇಲೆ ಆ ರೈತರೂ ಆಳೂ ಒಡೆದ ಬದುವಿನ ಮೇಲೆ ಕೂತು ಮಾತು ಬಿಡಿಸಿದರಂತೆ. ಚಾಲು ಎಂಬ ಮಾತನ್ನು ಇಬ್ಬರೂ ಬಿಟ್ಟರು. ಅದರ ಬದಲು ‘ಬಂದ್’ ಎಂಬುದನ್ನು ಆರಿಸಿಕೊಂಡರು. ನಿಜಾಮನ ಕಾಲದ ಉರ್ದುವಿನಿಂದ ಉಳಿದ ಪದ ಅದು, ಕನ್ನಡವೂ ಅಲ್ಲ, ತೆಲುಗೂ ಅಲ್ಲ. ಆದರೂ ಅವರು ಬರೀ ಪದವನ್ನು ನಂಬಲಿಲ್ಲ. ರೈತರು ದೂರ ಹೋಗಿ ಕೂಗಿದರು, ಆಳು ಇಂಜಿನ್ ನಿಲ್ಲಿಸಿದ, ನೀರು ನಿಂತದ್ದನ್ನು ಇಬ್ಬರೂ ನೋಡಿದರು. ಆಮೇಲೆ ಎರಡನೆಯ ಸಲ ಮೊಳಕೆ ಚೆಲ್ಲಿದರು.